ಯಾವುದೇ ವ್ಯಕ್ತಿ, ಯಾವುದೇ ಕಾಗದ

ನನ್ನ ಮಾವ ಶಿರಸಿಯಲ್ಲಿ ವಕೀಲರಾಗಿದ್ದರು. ನಾನು ಮದುವೆಯಾಗಿ ಆ ಮನೆಗೆ ಬಂದ ಎರಡನೆಯ ವರ್ಷದಲ್ಲಿ ಅವರ ಕಣ್ಣಿಗೆ ಪೊರೆ ಬರತೊಡಗಿತು. ಮೊದಲು ಸಣ್ಣ ಅಕ್ಷರ ಹೋಯಿತು, ಆಮೇಲೆ ದೊಡ್ಡದು, ಕೊನೆಗೆ ಎದುರಿಗೆ ಕುಳಿತವರ ಮುಖ. ಪೊರೆ ಇನ್ನೂ ಬಲಿಯಬೇಕು, ಆಮೇಲೆ ತೆಗೆಯೋಣ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿ ಕಳಿಸಿದ್ದರು. ಸಿದ್ದಾಪುರದಲ್ಲಿ ನಾನು ಮೆಟ್ರಿಕ್‌ವರೆಗೆ ಓದಿದ್ದೆ. ಯಜಮಾನರು ಅದೇ ಊರಿನ ಹೈಸ್ಕೂಲಿನಲ್ಲಿ ಮೇಷ್ಟರು, ಶನಿವಾರ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಹಾಗಾಗಿ ಮಾವನ ಕಣ್ಣಾಗುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂತು.

ಆ ದಿನಗಳನ್ನು ನೆನೆದರೆ ಈಗಲೂ ಎಚ್ಚರ ಮತ್ತು ನಿದ್ದೆಯ ನಡುವೆ ಎಲ್ಲೋ ಇದ್ದಂತೆ ಅನ್ನಿಸುತ್ತದೆ. ಮನೆಯ ಮುಂದಿನ ಕೋಣೆಯೇ ಆಫೀಸು. ಮಾಡಿನ ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಮಧ್ಯಾಹ್ನ ಅದರಿಂದ ಇಳಿದ ಬೆಳಕಿನ ಚೌಕ ನಿಧಾನಕ್ಕೆ ಮೇಜಿನ ಮೇಲೆ ಹರಿದು, ಮಾವನ ಮೊಣಕಾಲಿಗೆ ಬಂದು, ನೆಲಕ್ಕಿಳಿಯುತ್ತಿತ್ತು. ಮುಂಬಯಿಯ ಹಳೆಯ ತೀರ್ಪುಗಳ ದಪ್ಪ ಸಂಪುಟ ತೊಡೆಯ ಮೇಲಿಟ್ಟುಕೊಂಡು ನಾನು ಓದುವುದು. ಅವರು ಕಣ್ಣು ಮುಚ್ಚಿ ಕೇಳುವುದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ಆ ಕಪಾಟಿನಲ್ಲಿ ಮುಂಬಯಿಯೇ ಇತ್ತು. ಮೊದಮೊದಲು ಇಂಗ್ಲಿಷ್ ವಾಕ್ಯಗಳು ನನಗೆ ಬರಿಯ ಸದ್ದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದೂ ತಿಳಿಯುತ್ತಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಆ ಸದ್ದಿನೊಳಗಿಂದ ಅರ್ಥ ತಾನಾಗಿ ಏಳತೊಡಗಿತು.

ಪತ್ರಿಕೆ ಓದುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಅತ್ತೆಯೂ ಅಡುಗೆಮನೆಯಿಂದ ಬಂದು ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದರು. ಆದರೆ ಕಕ್ಷಿದಾರರ ಪತ್ರ ಬಂದರೆ ಮಾವ ನನಗೆ, "ತಂಗೀ, ಬಾಗ್ಲ ಹಾಕು" ಎನ್ನುತ್ತಿದ್ದರು. ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಒಮ್ಮೆಯೂ "ಎಂತ ಬರದ್ದ?" ಎಂದು ಕೇಳಿದವರಲ್ಲ.

ಒಂದು ದಿನ ಹಾಗೆ ಬಾಗಿಲು ಹಾಕಿ ಓದಿದ ಪತ್ರವೇ ನನ್ನನ್ನು ಕೋರ್ಟಿಗೆ ಎಳೆಯಿತು.

ಬರೆದವನು ಯಲ್ಲಾಪುರದ ಕಡೆ ಒಂದು ಮರದ ಡಿಪೋದಲ್ಲಿ ಕಾರಕೂನ. ಬನವಾಸಿ ಕಡೆಯ ಒಕ್ಕಲುಮನೆಯ ಹುಡುಗ. ಹುಡುಗನೆಂದರೆ ಮೂವತ್ತು ದಾಟಿದ್ದಾನೆ. ಸಾಗುವಾನಿ ದಿಮ್ಮಿ ಹೊತ್ತ ಗಾಡಿ ಡಿಪೋ ಬಿಡಬೇಕಾದರೆ ಅವನು ಪಾಸು ಬರೆದು ಹರಿದುಕೊಡಬೇಕು. ಪುಸ್ತಕದಲ್ಲಿ ಅಡಿಚೀಟಿ ಉಳಿಯುತ್ತದೆ. ಪಾಸಿಗಿಂತ ಹೆಚ್ಚು ಮರ ಹೊರಗೆ ಹೋಗಿದೆ ಎಂದು ವಿಚಾರಣೆ ಶುರುವಾದಾಗ ಅವನು ಹೆದರಿ ಮಾವನಿಗೆ ಎರಡು ಹಾಳೆ ಪತ್ರ ಬರೆದ. ನಡೆದದ್ದು ಹೀಗೆ ಹೀಗೆ, ಈಗ ನಾನೇನು ಮಾಡಲಿ ಎಂದು. ಪತ್ರದ ಜೊತೆಗೆ ಅಡಿಚೀಟಿಯ ಪುಸ್ತಕವನ್ನೂ ಕಟ್ಟಿ ಕಳಿಸಿದ್ದ, ನಿಮ್ಮಲ್ಲೇ ಭದ್ರವಾಗಿರಲಿ ಎಂದು. ಮೊದಲ ಹಾಳೆ ಮರದ ವಿಷಯ. ಎರಡನೆಯದರಲ್ಲಿ ಮರದ ಮಾತೇ ಇರಲಿಲ್ಲ. ಓದುತ್ತಾ ನನ್ನ ದನಿ ಕುಗ್ಗಿತು. ಮುಗಿದ ಮೇಲೆ ನಾನು ಪತ್ರವನ್ನು ಮಡಚಿ ಅವರ ಪೆಟ್ಟಿಗೆಯಲ್ಲಿಟ್ಟೆ.

ಹತ್ತು ದಿನಗಳ ನಂತರ ವಿಚಾರಣೆಯ ಅಧಿಕಾರಿ ಮನೆಗೆ ಬಂದರು. ಧಾರವಾಡದ ಕಡೆಯವರು. ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು, ಕೈ ಮುಗಿದು ಒಳಗೆ ಬಂದರು. ಕಾರಕೂನನನ್ನು ಪ್ರಶ್ನೆ ಮಾಡುವಾಗ ಅವನು ಗಾಬರಿಯಲ್ಲಿ, ಎಲ್ಲಾ ನಮ್ಮ ವಕೀಲರಿಗೆ ಬರೆದಿದ್ದೇನೆ ಎಂದುಬಿಟ್ಟಿದ್ದನಂತೆ.

"ಆ ಪತ್ರ ಬೇಕಾಗೇತ್ರಿ" ಎಂದರು ಅಧಿಕಾರಿ. "ಅಡಿಚೀಟಿ ಪುಸ್ತಕಾನೂ ನಿಮ್ಮ ಕಡೆ ಐತಿ ಅಂತ ಕೇಳೇನಿ."

ಮಾವ ನನ್ನ ಕಡೆ ತಿರುಗಿದರು. "ತಂಗೀ, ಪುಸ್ತಕ ತೆಗೆದು ಅವ್ರಿಗೆ ಕೊಡು."

ನಾನು ಬೆರಗಾದೆ. ಮಾವ ಅಧಿಕಾರಿಗೆ ಹೇಳಿದರು: "ಪುಸ್ತಕ ಡಿಪೋದ್ದು. ಅದು ಮೊದಲೇ ಇದ್ದ ಕಾಗದ, ನನ್ನ ಪೆಟ್ಟಿಗೆಯೊಳಗೆ ಬಂದ ಮಾತ್ರಕ್ಕೆ ಗುಟ್ಟಾಗೋದಿಲ್ಲ. ಹಾಗಂತ ಅವನಿಗೂ ಹೇಳಿ ಕಳಿಸಿದ್ದೇನೆ. ತಗೊಳ್ಳಿ, ರಸೀದಿ ಕೊಡಿ. ಪತ್ರ ಮಾತ್ರ ಕೊಡೋದಿಲ್ಲ. ಅದು ಅವನು ನನ್ನ ಸಲಹೆ ಕೇಳಿ ಬರೆದದ್ದು."

ಅಧಿಕಾರಿ ತಮ್ಮ ಕಾಯ್ದೆಯ ಪುಸ್ತಕ ಬಿಡಿಸಿದರು. "ನೋಡ್ರಿ ಸಾಹೇಬ್ರ, ಇಲ್ಲಿ ಏನೈತಿ? ವಿಚಾರಣಾ ಅಧಿಕಾರಿ ಯಾವುದೇ ವ್ಯಕ್ತಿಯಿಂದ ಯಾವುದೇ ಕಾಗದ ತರಿಸಿಕೊಳ್ಳಬಹುದು, ಯಾವುದೇ ವ್ಯಕ್ತಿಯಿಂದ ಹೇಳಿಕೆ ತಗೋಬಹುದು. ವಕೀಲರನ್ನ ಬಿಟ್ಟು ಅಂತ ಬರದಿಲ್ಲಲ್ರಿ."

"ವಕೀಲರನ್ನೂ ಸೇರಿಸಿ ಅಂತಲೂ ಬರೆದಿಲ್ಲವಲ್ಲ" ಎಂದರು ಮಾವ.

ಅಧಿಕಾರಿ ನಕ್ಕರು. ಚಹಾ ಕುಡಿದರು. ಹೋಗುವಾಗ ನನ್ನನ್ನು ಒಂದು ಕ್ಷಣ ನೋಡಿ, "ಸಾಹೇಬ್ರಿಗೆ ಪತ್ರ ಓದಿ ಹೇಳೋರು ನೀವೇನ್ರಿ?" ಎಂದರು. ನಾನು ಹೌದೆಂದೆ. ಆ ಪ್ರಶ್ನೆ ಏತಕ್ಕೆಂದು ಆಗ ಹೊಳೆಯಲಿಲ್ಲ.

ವಾರದೊಳಗೆ ನನ್ನ ಹೆಸರಿಗೇ ನೋಟೀಸು ಬಂತು. ಆ ಪತ್ರ ಹಾಜರುಪಡಿಸಬೇಕು, ಓದಿದ್ದನ್ನು ಹೇಳಬೇಕು. ವಕೀಲರಾದರೆ ಕಾನೂನಿನ ರಕ್ಷಣೆ ಇದೆ ಎಂದು ವಾದಿಸಬಹುದು. ಮನೆಯ ಸೊಸೆ ವಕೀಲಳಲ್ಲವಲ್ಲ. ನನಗೆ ಬಂದ ನೋಟೀಸನ್ನು ಮಾವನಿಗೆ ನಾನೇ ಓದಿ ಹೇಳಿದೆ. ಬಾಗಿಲು ಹಾಕಬೇಕೋ ಬೇಡವೋ ತಿಳಿಯದೆ ಅರ್ಧ ಹಾಕಿದ್ದೆ.

"ಹೆದರಡ" ಎಂದರು ಮಾವ. "ವಕೀಲನ ಗುಮಾಸ್ತಂಗೂ ಅದೇ ಗುಟ್ಟಿನ ಕಟ್ಟು, ಅದೇ ರಕ್ಷಣೆ. ಸಾಕ್ಷ್ಯದ ಕಾಯ್ದೆಲಿ ಬರದ್ದು. ನೀನು ಅಲ್ಲಿ ಹೋಗಿ ಹೇಳದು ಇಷ್ಟೇ: ಆನು ಹೇಳ್ಲಾಗ."

"ಆನು ಗುಮಾಸ್ತೆ ಹೌದನ, ಮಾವ?"

"ಅದನ್ನೇ ಕೋರ್ಟು ಕೇಳ್ತು" ಎಂದರು.

ಪ್ರವಾಸಿ ಬಂಗಲೆಯ ವರಾಂಡದಲ್ಲಿ ಅಧಿಕಾರಿಯ ಎದುರು ಕುಳಿತು, ನಾನು ಹೇಳಬಾರದು ಎಂಬ ಆ ಮಾತನ್ನಷ್ಟೇ ಹೇಳಿದೆ. ಅವರು ಬರೆದುಕೊಂಡರು. "ಅಕ್ಕಾರ, ನಿಮಗ ತ್ರಾಸು ಕೊಡೋದು ನನ್ನ ಉದ್ದೇಶ ಅಲ್ರಿ. ಆದ್ರ ಕಾಯ್ದೆ ನನ್ನ ಕೈಯಾಗ ಇಷ್ಟು ದೊಡ್ಡ ಮಾತು ಕೊಟ್ಟಾಗ ನಾ ಹೆಂಗ ಬಿಡ್ಲಿ?" ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಕಾಡು ಬರಿದಾಗುತ್ತಿದೆ ಎಂಬ ಸಂಕಟ ಅವರಿಗೆ ನಿಜವಾಗಿಯೂ ಇತ್ತು. ನೋಟೀಸು ಮೀರಿದ್ದಕ್ಕೆ ಅವರು ಮ್ಯಾಜಿಸ್ಟ್ರೇಟರ ಮುಂದೆ ನನ್ನ ಮೇಲೆ ಫಿರ್ಯಾದು ಹಾಕಿದರು. ತಪ್ಪೆಂದಾದರೆ ದಂಡ, ಇಲ್ಲವೆ ಸಜೆ.

ಅತ್ತೆ ಅಂದು ಊಟಕ್ಕೆ ಬಡಿಸುತ್ತಾ ಮಾವನ ಮೇಲೆ ಹರಿಹಾಯ್ದರು. "ನಿಂಗಕ್ಕಿಗೆ ಕಣ್ಣು ಕಾಣ್ತಿಲ್ಲೆ, ಖರೆ. ಆ ಕೂಸು ಕಟಕಟೆ ಹತ್ತದೂ ಕಾಣ್ತಿಲ್ಯಾ?"

ಮಾವ ಅನ್ನ ಕಲಸುತ್ತಲೇ ಇದ್ದರು. ಶನಿವಾರ ಬಂದ ಯಜಮಾನರು ಎಲ್ಲ ಕೇಳಿ, ನನ್ನನ್ನೇ ಕರೆದು, "ನಿಂಗೆ ಮನಸ್ಸಿಲ್ದಿದ್ರೆ ಆನು ಅಪ್ಪಯ್ಯಂಗೆ ಹೇಳ್ತೆ" ಎಂದರು. ನನಗೆ ಮನಸ್ಸಿತ್ತೇ? ಗೊತ್ತಿರಲಿಲ್ಲ. ಎರಡನೆಯ ಹಾಳೆ ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗಲೂ ಅದರ ಸಾಲುಗಳು ಗಾಳಿಗೆ ಅಲ್ಲಾಡುತ್ತಿದ್ದಂತೆ ಅನ್ನಿಸುತ್ತಿತ್ತು.

ಸುದ್ದಿ ತಿಳಿದು ಕಾರಕೂನ ಓಡಿಬಂದ. ಜಗಲಿಯ ಮೇಲೆ ಕೂರಲೂ ಒಪ್ಪದೆ ಕಂಬ ಹಿಡಿದು ನಿಂತ.

"ಸಾಹೇಬ್ರ, ಕೊಟ್ಟುಬಿಡ್ರಿ ಆ ಪತ್ರ. ನನ್ನ ಸಲುವಾಗಿ ಅಕ್ಕಾರು ಕಟಕಟಿ ಹತ್ತೋದು ಬ್ಯಾಡ್ರಿ. ನನಗ ಏನು ಆಗೋದೈತಿ ಆಗ್ಲಿ."

ಮಾವ ಹೇಳಿದರು: "ಪತ್ರದ ಗುಟ್ಟು ನನ್ನದಲ್ಲ, ಸರ್ಕಾರದ್ದೂ ಅಲ್ಲ, ನಿನ್ನದು. ನೀನು ಕೊಡು ಅಂದ್ರೆ ಇವತ್ತೇ ಕೊಡ್ತೇನೆ. ಆದ್ರೆ ಒಂದು ಸಲ ಓದಿ ನೋಡಿ ಹೇಳು. ಗಾಬರಿಯಲ್ಲಿ ಬರೆದದ್ದು, ಏನೇನು ಬರೆದಿದ್ದೀಯೋ ನೆನಪಿರಲಿಕ್ಕಿಲ್ಲ."

ನಾನು ಪೆಟ್ಟಿಗೆಯಿಂದ ಪತ್ರ ತಂದುಕೊಟ್ಟೆ. ಅವನು ನಿಂತೇ ಓದಿದ. ಮೊದಲ ಹಾಳೆ ಮಗುಚಿದ. ಎರಡನೆಯದರ ಅರ್ಧಕ್ಕೆ ಬಂದಾಗ ಕಂಬ ಬಿಟ್ಟು ಮೆಟ್ಟಿಲ ಮೇಲೆ ಕೂತ. ಅದರಲ್ಲಿ ಇನ್ನೊಬ್ಬರ ಬದುಕಿತ್ತು. ಈ ಗಲಾಟೆಗೆ ಏನೇನೂ ಸಂಬಂಧವಿಲ್ಲದವರದು.

"ಬ್ಯಾಡ್ರಿ, ಕೊಡಬ್ಯಾಡ್ರಿ" ಎಂದ. ಆಮೇಲೆ ನನ್ನ ಕಡೆ ಮುಖ ಎತ್ತಿ, "ಅಕ್ಕಾರ, ನೀವು ಇದನ್ನ ಓದೀರಿ" ಎಂದ.

"ಓದಿದ್ದೇನೆ" ಎಂದೆ. "ಓದಿದ್ದು ಅಲ್ಲಿಗೇ ಮುಗೀತು."

ಆ ಮಾತು ನನ್ನ ಬಾಯಿಂದ ಬಂದಾಗಲೇ ನನಗೆ ಮನಸ್ಸಿದೆ ಎಂದು ಗೊತ್ತಾಯಿತು.

ಕೋರ್ಟಿನ ದಿನ ಅತ್ತೆ ತಾವೇ ನನಗೆ ಜಡೆ ಹೆಣೆದರು. ಮಾವನ ಕೈ ಹಿಡಿದು ನಡೆಸಿಕೊಂಡು ಹೋದವಳು ನಾನೇ. ಆರೋಪಿ ತನ್ನ ವಕೀಲರ ಕೈ ಹಿಡಿದುಕೊಂಡು ಬರುವುದನ್ನು ಕಂಡು ಬಾಗಿಲಲ್ಲಿದ್ದ ಪೊಲೀಸನಿಗೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಒಳಗೆ ಜನರ ಬೆವರು, ಶಾಯಿ, ಹಳೆಯ ಕಾಗದದ ವಾಸನೆ. ಕಟಕಟೆಯ ಮರ ಎಷ್ಟೋ ಕೈಗಳು ಹಿಡಿದು ನುಣುಪಾಗಿತ್ತು. ನಾನು ಅದನ್ನು ಸವರುತ್ತಾ ನಿಂತೆ. ಮಾತುಗಳು ನೀರಿನೊಳಗಿಂದ ಬಂದಂತೆ ಕೇಳುತ್ತಿದ್ದವು.

ಮ್ಯಾಜಿಸ್ಟ್ರೇಟರು ಹಳೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದವರು. ಅಧಿಕಾರಿಯ ಹೇಳಿಕೆ ಆದ ಮೇಲೆ, ಆರೋಪಿಯಾದ್ದರಿಂದ ಪ್ರಮಾಣ ಮಾಡಿಸದೆ ನನ್ನನ್ನೇ ಕೇಳಿದರು.

"ನೀವು ಇವರ ಸೊಸೆ. ಸಂಬಳ ಇದೆಯೇ?"

"ಇಲ್ಲ."

"ಹಾಗಾದರೆ ಮನೆಯವಳಾಗಿ ಓದಿದಿರೋ, ಗುಮಾಸ್ತೆಯಾಗಿ ಓದಿದಿರೋ?"

ಮಾವ ಇದಕ್ಕೆ ನನಗೆ ಉತ್ತರ ಕಲಿಸಿರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳು ಎಂದಷ್ಟೇ ಹೇಳಿದ್ದರು. ನಾನು ಯೋಚಿಸಿದೆ.

"ಪೇಪರು ಓದುವಾಗ ಬಾಗಿಲು ತೆರೆದಿರುತ್ತದೆ, ಅತ್ತೆಯೂ ಕೇಳುತ್ತಾರೆ. ಕಕ್ಷಿದಾರರ ಪತ್ರ ಓದುವಾಗ ಬಾಗಿಲು ಹಾಕುತ್ತೇವೆ. ಅತ್ತೆಯೂ ಇರುವುದಿಲ್ಲ."

"ಅತ್ತೆಯವರು ಕೇಳುವುದಿಲ್ಲವೇ, ಏನು ಬರೆದಿದೆ ಅಂತ?"

"ಇಲ್ಲ. ಅವರು ವಕೀಲರ ಹೆಂಡತಿ."

ಹಿಂದೆ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ, ಬರೆದುಕೊಂಡರು.

ಸರ್ಕಾರದ ಪರ ವಕೀಲರು ಚೆನ್ನಾಗಿಯೇ ವಾದಿಸಿದರು. ಶಾಸನಸಭೆ 'ಯಾವುದೇ' ಎಂದಿದೆ. ಆ ಪದಕ್ಕೆ ಅಂಚಿಲ್ಲ. ಕೋರ್ಟು ತನಗೆ ಬೇಕಾದ ಕಡೆ ಅಂಚು ಕಟ್ಟಿದರೆ ಕಾಯ್ದೆ ಬರೆಯುವವರು ಯಾರು? ಅಲ್ಲದೆ ಅಪರಾಧಕ್ಕೆಂದೇ ಬರೆದ ಪತ್ರಕ್ಕೆ ರಕ್ಷಣೆ ಇಲ್ಲ.

ಮಾವ ಎದ್ದರು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನಾನು ತಿಂಗಳುಗಟ್ಟಲೆ ಓದಿದ್ದೆಲ್ಲ ಅವರೊಳಗೆ ಹಾಗೆಯೇ ಇತ್ತು. ಯಾವ ಸಂಪುಟ, ಯಾವ ಪುಟ ಎಂದು ಅವರು ಹೇಳುತ್ತಾ ಹೋದಂತೆ ಆ ಪುಟ ಓದಿದ ಮಧ್ಯಾಹ್ನದ ಬೆಳಕು ಸಹಿತ ನನಗೆ ಕಾಣುತ್ತಿತ್ತು. ಅವರು ಹೇಳಿದ್ದರ ತಿರುಳು ಇಷ್ಟು: ಹೆದರಿದವನು ತನ್ನ ವಕೀಲನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದು ಈ ಕಾಯ್ದೆಗಿಂತ ಹಳೆಯ ಹಕ್ಕು. ಅಂಥ ಹಕ್ಕನ್ನು ಸಾಮಾನ್ಯ ಪದಗಳ ಗುಂಪಿನಲ್ಲಿ ಯಾರೂ ಗಮನಿಸದ ಹಾಗೆ ಅಳಿಸಿಹಾಕಲು ಶಾಸನಸಭೆ ಬಯಸಿತು ಎಂದು ಕೋರ್ಟು ಊಹಿಸಬಾರದು. ಅಳಿಸಬೇಕೆಂದಿದ್ದರೆ ಬಾಯಿಬಿಟ್ಟು ಹೇಳಬೇಕು, ಇಲ್ಲವೆ ಬೇರೆ ಅರ್ಥಕ್ಕೆ ಎಡೆಯೇ ಇರಬಾರದು. "ಇದೇ ಕಾಯ್ದೆಯಲ್ಲಿ ಎರಡು ಕಲಮಿನ ಆಚೆ, ಬೀಗ ಹಾಕಿದ ಮನೆಯನ್ನೂ ಒಡೆದು ಒಳಗೆ ಹೋಗಬಹುದು ಎಂದು ಬರೆದಿದ್ದಾರೆ. ಬೀಗದ ಮೇಲೆ ಕೈಯಿಡಬೇಕೆಂದಾಗ ಬೀಗ ಎಂದೇ ಬರೆದವರಿಗೆ, ವಕೀಲ ಎಂಬ ಪದ ಗೊತ್ತಿರಲಿಲ್ಲವೇ?"

ಮ್ಯಾಜಿಸ್ಟ್ರೇಟರು ಕೇಳಿದರು: "ನಾಳೆ ಸಭೆ ಸ್ಪಷ್ಟವಾಗಿ ಬರೆದುಬಿಟ್ಟರೆ?"

"ಆಗ ನನ್ನ ಇವತ್ತಿನ ವಾದ ಬಿತ್ತು" ಎಂದರು ಮಾವ. "ಸಂವಿಧಾನ ಅದನ್ನು ತಡೆಯುತ್ತದೋ ಇಲ್ಲವೋ, ಅದು ಬೇರೆ ಪ್ರಶ್ನೆ, ಬೇರೆ ಕೋರ್ಟು. ಆದರೆ ಹಾಗೆ ಬರೆಯುವ ಮುಂಚೆ ಸಭೆಯಲ್ಲಿ ಒಬ್ಬರು ಎದ್ದು ಅದನ್ನು ಓದಬೇಕು, ಉಳಿದವರು ಕೇಳಿ ಕೈ ಎತ್ತಬೇಕು, ಊರಿಗೆ ಬಂದು ಜನರಿಗೆ ಮುಖ ತೋರಿಸಬೇಕು. ನಾನು ಕೇಳುವುದು ಅಷ್ಟು ತೊಂದರೆಯನ್ನು ಅವರು ತೆಗೆದುಕೊಳ್ಳಲಿ ಎಂದು ಮಾತ್ರ."

ತೀರ್ಪಿಗೆ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು. ಆದರೆ ಇಬ್ಬರ ಮನಸ್ಸೂ ಅಲ್ಲಿರಲಿಲ್ಲ. ಒಮ್ಮೆ ಒಂದೇ ಪುಟವನ್ನು ಎರಡು ಸಲ ಓದಿದೆ. ಅವರಿಗೂ ಗೊತ್ತಾಗಲಿಲ್ಲ. ಇಲ್ಲವೆ ಗೊತ್ತಾಗಿಯೂ ಸುಮ್ಮನಿದ್ದರು.

ಮ್ಯಾಜಿಸ್ಟ್ರೇಟರು ತೀರ್ಪನ್ನು ಇಂಗ್ಲಿಷಿನಲ್ಲಿ ಓದಿ, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ಸಂಬಳ ಇರಲಿ ಬಿಡಲಿ, ಬಾಗಿಲು ಹಾಕಿ ವಕೀಲರಿಗಾಗಿ ಓದಿದವಳು ವಕೀಲರ ಗುಮಾಸ್ತೆಯೇ. ಪತ್ರ ಆದದ್ದನ್ನು ಹೇಳಿ ಸಲಹೆ ಕೇಳಿದ್ದು. ಮುಂದೆ ಅಪರಾಧ ಮಾಡಲಿಕ್ಕೆ ಬರೆದದ್ದು ಎಂದು ತೋರಿಸುವ ಸಾಕ್ಷ್ಯ ಇಲ್ಲ. ಉಳಿದದ್ದು 'ಯಾವುದೇ' ಎಂಬ ಪದ. "ಈ ಕಾಯ್ದೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ತಾಯಿ. ರದ್ದು ಮಾಡುವ ಅಧಿಕಾರವೂ ನನಗಿಲ್ಲ. ಅದು ಇಷ್ಟು ದೊಡ್ಡ ಮಾತನ್ನು ಹೇಳಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ. ಹೇಳದ ಮಾತನ್ನು ಅದರ ಬಾಯಲ್ಲಿ ನಾನು ಇಡುವುದಿಲ್ಲ. ನೀವು ಮನೆಗೆ ಹೋಗಬಹುದು."

ಹೋಗಬಹುದು ಎಂದರೂ ನಾನು ಹೋಗಲಿಲ್ಲ. ಕಟಕಟೆ ಹಿಡಿದು ನಿಂತೇ ಇದ್ದೆ. ಮಾವ ಕೆಳಗಿಂದ, "ತಂಗೀ, ಇಳಿ. ಎಂಗೆ ದಾರಿ ಕಾಣ್ತಿಲ್ಲೆ" ಎಂದಾಗ ಎಚ್ಚರಾಯಿತು.

ಅಂಗಳದಲ್ಲಿ ಅಧಿಕಾರಿ ಸಿಕ್ಕರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮ್ಯಾಲಿನವ್ರಿಗೆ ಬರೀತೇನ್ರಿ, ಕಾಯ್ದೆದಾಗ ಸ್ಪಷ್ಟ ಹಾಕ್ರಿ ಅಂತ" ಎಂದರು. ಮಾವ, "ಬರೀರಿ. ನೀವು ಅದನ್ನು ಮಾಡಬೇಕಾದ್ದೇ" ಎಂದರು. ಅವರು ಬರೆದರೋ ಇಲ್ಲವೋ, ಆ ಕಲಮು ಬದಲಾಯಿತೋ ಇಲ್ಲವೋ ನನಗೆ ತಿಳಿಯದು. ಮೇಲಿನ ಕೋರ್ಟಿಗಂತೂ ಯಾರೂ ಹೋಗಲಿಲ್ಲ.

ನಾವು ಕೊಟ್ಟ ಅಡಿಚೀಟಿಯ ಪುಸ್ತಕದಿಂದಲೇ ವಿಚಾರಣೆ ಮುಂದುವರಿಯಿತು. ಕೆಲವು ಪಾಸುಗಳ ಕೈಬರಹ ಬೇರೆಯವರದೆಂದು ಗೊತ್ತಾಗಿ ಕಾರಕೂನನ ಮೇಲಿನ ದೊಡ್ಡ ಆರೋಪ ಬಿದ್ದುಹೋಯಿತು. ಪುಸ್ತಕವನ್ನು ಕಂಡಕಂಡವರ ಕೈಗೆ ಬಿಟ್ಟ ಅಜಾಗ್ರತೆಗೆ ಕೆಲಸ ಮಾತ್ರ ಹೋಯಿತು. ಅವನು ಬನವಾಸಿ ಕಡೆಗೆ ಮರಳಿ ಅಣ್ಣಂದಿರ ಜೊತೆ ಗದ್ದೆಗೆ ಇಳಿದ. ಪತ್ರ ತೆಗೆದುಕೊಂಡು ಹೋಗಲು ಒಮ್ಮೆ ಬಂದಿದ್ದ. ಕೈಗೆ ಕೊಟ್ಟಾಗ ಬಿಚ್ಚಿ ನೋಡಲಿಲ್ಲ, ಅಂಗಿಯ ಒಳಜೇಬಿಗೆ ಹಾಕಿಕೊಂಡ. ನೀರು ಕೇಳಿ ಕುಡಿದ. "ನಮ್ಮೂರಿಗೆ ಒಮ್ಮೆ ಬರ್ರಿ ಅಕ್ಕಾರ" ಎಂದು ಹೇಳಿ ಬಸ್ಸಿಗೆ ನಡೆದ. ನಾನು ಹೋಗಲಿಲ್ಲ. ಈಗ ಅವನೂ ಇಲ್ಲ, ಎರಡನೆಯ ಹಾಳೆಯಲ್ಲಿದ್ದವರೂ ಇಲ್ಲ. ಆದರೂ ಅದನ್ನು ಇಲ್ಲಿ ಬರೆಯಲಾರೆ. ಕೆಲಸ ಬಿಟ್ಟ ಮೇಲೂ ಆ ಕಟ್ಟು ಬಿಡುವುದಿಲ್ಲ ಎಂದು ಮಾವ ಹೇಳಿದ್ದರು. ಅವರು ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ.

ಮರುವರ್ಷ ಮಳೆಗಾಲ ಮುಗಿದ ಮೇಲೆ ಮಾವನ ಕಣ್ಣಿನ ಆಪರೇಷನ್ ಹುಬ್ಬಳ್ಳಿಯಲ್ಲಿ ಆಯಿತು. ಪಟ್ಟಿ ಬಿಚ್ಚಿದ ದಿನ ಎದುರಿಗಿದ್ದವಳು ನಾನು. ದಪ್ಪ ಕನ್ನಡಕದೊಳಗಿಂದ ನನ್ನನ್ನೇ ದಿಟ್ಟಿಸಿ ನೋಡಿದರು. ಎಷ್ಟೋ ಕಾಲ ಬರಿಯ ದನಿಯಾಗಿದ್ದವಳು ನಾನು ಅವರಿಗೆ.

"ತಂಗೀ, ತೆಳ್ಳಗಾಯ್ದೆ" ಎಂದರು.

"ಆನು ಮೊದ್ಲಿಂದ್ಲೂ ಹೀಂಗೇ ಇದ್ದಿ, ಮಾವ" ಎಂದೆ. ಪಕ್ಕದಲ್ಲಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.